ಪ್ಯಾರಾದಲ್ಲಿರುವ ಹೋಟೆಲ್ ಮೆನುವನ್ನು ಕೋಷ್ಟಕಕ್ಕೆ ಇಳಿಸುವುದು: ಒಂದು ಕರಾವಳಿ ಮೆನು ಇಟ್ಟುಕೊಂಡು ಹಂತ ಹಂತವಾಗಿ

ಸಣ್ಣ ಹೋಟೆಲುಗಳ ಮೆನು ಎಷ್ಟೋ ಸಲ ಒಂದು ವಾಟ್ಸಾಪ್ ಮೆಸೇಜಿನಲ್ಲೇ ಇರುತ್ತದೆ. ಮಾಲೀಕರು ಬಾಯಲ್ಲಿ ಹೇಳಿದ ಹಾಗೇ ಟೈಪ್ ಮಾಡಿ ಕಳಿಸಿರುತ್ತಾರೆ. ತಿಂಡಿ, ದರ, ಸಮಯ, ಹೊಗಳಿಕೆ ಎಲ್ಲವೂ ಒಂದೇ ಪ್ಯಾರಾದಲ್ಲಿ ಸೇರಿಕೊಂಡಿರುತ್ತವೆ. ಅದನ್ನು ತಿಂಡಿ, ವಿವರ, ಸಸ್ಯಾಹಾರದ ಗುರುತು, ದರ ಅಂತ ನಾಲ್ಕು ಕಾಲಂ ಇರುವ ಕೋಷ್ಟಕ ಮಾಡಿಕೊಡಿ ಅಂತ ಕೇಳಿದಾಗ ಇದೇನು ಮಹಾ, ಕಾಪಿ ಪೇಸ್ಟ್ ಕೆಲಸ ಅನ್ನಿಸುತ್ತದೆ. ಕೂತರೆ ಗೊತ್ತಾಗುತ್ತದೆ, ಪ್ಯಾರಾದಲ್ಲಿ ಅಸ್ಪಷ್ಟವಾಗಿ ಬಿಟ್ಟರೂ ನಡೆಯುತ್ತಿದ್ದ ಸಂಗತಿಗಳು ಕೋಷ್ಟಕದಲ್ಲಿ ನಡೆಯುವುದಿಲ್ಲ. ಪ್ರತಿ ಖಾನೆಯೂ ಒಂದು ಖಚಿತ ಉತ್ತರ ಕೇಳುತ್ತದೆ.

ನಾನು ಈ ಕೆಲಸಕ್ಕೆ ಇಟ್ಟುಕೊಂಡಿರುವ ನಿಯಮ ಒಂದೇ. ಗಿರಾಕಿ ಒಂದೇ ಮಾತಲ್ಲಿ ಆರ್ಡರ್ ಮಾಡಬಹುದಾದ, ಒಂದೇ ದರ ಇರುವ ವಸ್ತುವಿಗೆ ಒಂದು ಸಾಲು. ಮುಂದೆ ಹೇಳುವುದೆಲ್ಲ ಈ ನಿಯಮದಿಂದಲೇ ಹುಟ್ಟುತ್ತದೆ.

## ಮಾದರಿ ಪ್ಯಾರಾ

ದಕ್ಷಿಣ ಕನ್ನಡ, ಉಡುಪಿ ಕಡೆಯ ಒಂದು ಮೀನೂಟದ ಹೋಟೆಲ್ ಅಂದುಕೊಳ್ಳಿ. ಈ ಪ್ಯಾರಾ ನಾನೇ ಬರೆದದ್ದು, ದರಗಳೂ ಬರೀ ಮಾದರಿಗೆ. ಆದರೆ ಇದರಲ್ಲಿರುವ ಗೊಂದಲಗಳೆಲ್ಲ ನಿಜವಾದ ಮೆನುಗಳಲ್ಲಿ ದಿನಾ ಕಾಣುವಂಥವೇ.

> ನಮ್ಮಲ್ಲಿ ಬೆಳಗ್ಗೆ 7.30ರಿಂದ 11ರವರೆಗೆ ಬಿಸಿ ಬಿಸಿ ನೀರು ದೋಸೆ 4 ಕಾಯಿಚಟ್ನಿ ಜೊತೆ 60 ರೂ, ಕೋಳಿ ಗಸಿ ಜೊತೆ 160, ಗೋಳಿಬಜೆ ಪ್ಲೇಟ್ 50. ಮಧ್ಯಾಹ್ನ ಕುಚ್ಚಲಕ್ಕಿ ಊಟ 90, ಮೀನಿನ ಸಾರು ಬೇಕಾದರೆ 120. ಊರಿನ ಹೆಂಗಸರ ಕೈರುಚಿಯ ಕೋರಿ ರೊಟ್ಟಿ 220. ಕುಂದಾಪುರ ಶೈಲಿಯ ಘೀ ರೋಸ್ಟ್ ಚಿಕನ್ 280 ಪನೀರ್ 240. ಬಂಗುಡೆ ಪುಳಿಮುಂಚಿ ಮತ್ತು ತವಾ ಫ್ರೈ 150, ಅಂಜಲ್ ರವಾ ಫ್ರೈ ಸೈಜಿನ ಮೇಲೆ. ಸುಕ್ಕ ಕಡಲೆ 110, ಮರುವಾಯಿ 200. ಆಮ್ಲೆಟ್ ಸಿಂಗಲ್ 30 ಡಬಲ್ 55. ಮೊಸರನ್ನ 70. ಟ್ಯಾಕ್ಸ್ ಪ್ರತ್ಯೇಕ.

ಕೋಷ್ಟಕ ತೆರೆಯುವ ಮೊದಲು ಈ ಪ್ಯಾರಾವನ್ನು ಒಂದು ಕಾಗದದ ಮೇಲೆ ಪ್ರಿಂಟ್ ತೆಗೆದುಕೊಳ್ಳಿ. ಇಲ್ಲವೇ ಬೇರೆ ಫೈಲಿನಲ್ಲಿ ಹಾಗೇ ಉಳಿಸಿಕೊಳ್ಳಿ. ಮೂಲವನ್ನೇ ತಿದ್ದುತ್ತಾ ಹೋದರೆ, ಕೊನೆಗೆ ಯಾವುದು ಮಾಲೀಕರು ಹೇಳಿದ್ದು, ಯಾವುದು ನೀವು ಸೇರಿಸಿದ್ದು ಅಂತ ಹೇಳಲಾಗುವುದಿಲ್ಲ.

## ಹಂತ 1: ಅಂಕಿಗಳನ್ನು ಎಣಿಸಿ

ಮೊದಲು ಪ್ಯಾರಾದಲ್ಲಿರುವ ಪ್ರತಿ ಅಂಕಿಗೂ ಸುತ್ತು ಹಾಕಿ. ಆಮೇಲೆ ಯಾವುದು ದರ, ಯಾವುದು ಅಲ್ಲ ಅಂತ ಬೇರೆ ಮಾಡಿ. ನಮ್ಮ ಪ್ಯಾರಾದಲ್ಲಿ ಒಟ್ಟು 17 ಅಂಕಿಗಳಿವೆ. ಅದರಲ್ಲಿ 7.30 ಮತ್ತು 11 ಸಮಯ. 4 ಅನ್ನುವುದು ದೋಸೆಗಳ ಸಂಖ್ಯೆ. ಉಳಿದ 14 ದರಗಳು.

ಈ 14 ಅನ್ನು ಬದಿಯಲ್ಲಿ ಬರೆದಿಟ್ಟುಕೊಳ್ಳಿ. ಕೊನೆಯಲ್ಲಿ ತಾಳೆ ನೋಡಲು ಇದೇ ಬೇಕು. ಒಂದೇ ಒಂದು ದರ ಕೈತಪ್ಪಿದರೂ ಈ ಲೆಕ್ಕ ಹೇಳಿಬಿಡುತ್ತದೆ.

## ಹಂತ 2: ಸಾಲುಗಳಾಗಿ ಒಡೆಯಿರಿ

ಈಗ ನಿಯಮ ಹಾಕಿ ನೋಡೋಣ. ನೀರು ದೋಸೆ ಒಂದು ತಿಂಡಿಯ ಹಾಗೆ ಕಾಣುತ್ತದೆ. ಆದರೆ ಚಟ್ನಿ ಜೊತೆ ಒಂದು ದರ, ಗಸಿ ಜೊತೆ ಇನ್ನೊಂದು ದರ. ಹಾಗಾಗಿ ಅದು ಎರಡು ಸಾಲು. ಎರಡನ್ನೂ ಒಂದೇ ಸಾಲಿನಲ್ಲಿಟ್ಟು ದರದ ಖಾನೆಯಲ್ಲಿ ‘60 / 160’ ಅಂತ ಬರೆಯುವುದು ತುಂಬಾ ಜನ ಮಾಡುವ ಕೆಲಸ. ಹಾಗೆ ಮಾಡಿದ ಕೂಡಲೇ ಪಕ್ಕದ ಕಾಲಂ ಕೆಡುತ್ತದೆ. ಚಟ್ನಿ ಜೊತೆಗಿನ ದೋಸೆ ಸಸ್ಯಾಹಾರ, ಗಸಿ ಜೊತೆಗಿನದು ಮಾಂಸಾಹಾರ. ಒಂದೇ ಖಾನೆಯಲ್ಲಿ ಯಾವ ಗುರುತು ಹಾಕುತ್ತೀರಿ? ಎರಡೂ ಹಾಕಿದರೆ ಓದುವವರಿಗೆ ಎರಡೂ ಅರ್ಥವಾಗುವುದಿಲ್ಲ.

ಘೀ ರೋಸ್ಟ್ ಕೂಡ ಹೀಗೇ. ಚಿಕನ್ ಒಂದು ಸಾಲು, ಪನೀರ್ ಇನ್ನೊಂದು ಸಾಲು. ಇಲ್ಲಿ ಹೆಸರು ಬರೆಯುವ ರೀತಿಯೂ ಮುಖ್ಯ. ಪ್ಯಾರಾದಲ್ಲಿ ‘ಘೀ ರೋಸ್ಟ್ ಚಿಕನ್ 280 ಪನೀರ್ 240’ ಅಂದಾಗ ಪನೀರ್ ಅನ್ನುವುದು ಹಿಂದಿನ ಹೆಸರಿಗೆ ಜೋತುಬಿದ್ದಿದೆ. ಕೋಷ್ಟಕದ ಸಾಲಿಗೆ ಹಿಂದುಮುಂದಿಲ್ಲ. ‘ಪನೀರ್’ ಅಂತ ಮಾತ್ರ ಬರೆದರೆ ಅದು ಏನು ಅಂತ ಯಾರಿಗೂ ತಿಳಿಯದು. ಹಾಗಾಗಿ ‘ಚಿಕನ್ ಘೀ ರೋಸ್ಟ್’, ‘ಪನೀರ್ ಘೀ ರೋಸ್ಟ್’ ಅಂತ ಪೂರ್ತಿ ಹೆಸರು ಬರೆಯಬೇಕು. ಸುಕ್ಕಕ್ಕೂ ಇದೇ ಮಾತು: ‘ಕಡಲೆ ಸುಕ್ಕ’, ‘ಮರುವಾಯಿ ಸುಕ್ಕ’. ಆಮ್ಲೆಟ್ ಕೂಡ ಎರಡು ಸಾಲಾಗುತ್ತದೆ.

‘ಬಂಗುಡೆ ಪುಳಿಮುಂಚಿ ಮತ್ತು ತವಾ ಫ್ರೈ 150’ ಸ್ವಲ್ಪ ಬೇರೆ ಥರ. ಎರಡೂ ಸೇರಿ 150ರ ಕಾಂಬೋನಾ? ಒಂದೊಂದೂ 150ನಾ? ‘ಮತ್ತು’ ಅನ್ನುವ ಪದ ಎರಡಕ್ಕೂ ಸಲ್ಲುತ್ತದೆ. ಊಹೆ ಮಾಡಬೇಡಿ. ಸದ್ಯಕ್ಕೆ ಎರಡು ಸಾಲು ಬರೆದು, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಿ.

ಹೀಗೆ ಒಡೆದರೆ ನಮಗೆ 16 ಸಾಲುಗಳು ಸಿಗುತ್ತವೆ. ದರ ಇರುವುದು 14, ಸಾಲು 16. ವ್ಯತ್ಯಾಸ ಯಾಕೆ ಬಂತು ಅಂತ ಅಲ್ಲೇ ಲೆಕ್ಕ ಹೇಳಿಕೊಳ್ಳಿ. 150 ಎರಡು ಸಾಲಿಗೆ ಹೋಯಿತು, ಹಾಗಾಗಿ 15. ಅಂಜಲ್ ಮೀನಿಗೆ ಅಂಕಿಯೇ ಇಲ್ಲ, ಅದು ಸೇರಿ 16. ಸರಿಹೋಯಿತು. ಕಾರಣ ಹೇಳಲಾಗದ ವ್ಯತ್ಯಾಸ ಉಳಿದರೆ ಎಲ್ಲೋ ಒಂದು ತಿಂಡಿ ಬಿಟ್ಟಿದ್ದೀರಿ, ಇಲ್ಲವೇ ಒಂದನ್ನೇ ಎರಡು ಸಲ ಬರೆದಿದ್ದೀರಿ.

## ಹಂತ 3: ಮಾಲೀಕರಿಗೂ ಅಡುಗೆಯವರಿಗೂ ಪ್ರಶ್ನೆಗಳು

ಜಾಸ್ತಿ ಸಮಯ ಕೊಡಬೇಕಾದ ಹಂತ ಇದು. ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಬರೆದು ಒಂದೇ ಸಲ ಕೇಳಿ. ಹೋಟೆಲಿನವರಿಗೆ ಮಧ್ಯಾಹ್ನದ ಹೊತ್ತಲ್ಲಿ ಹತ್ತು ಸಲ ಫೋನ್ ಮಾಡಿದರೆ ಹನ್ನೊಂದನೇ ಸಲ ಎತ್ತುವುದಿಲ್ಲ. ಕೇಳುವಾಗ ಆದಷ್ಟು ಉತ್ತರ ಹೌದು, ಅಲ್ಲ ಅಂತ ಬರುವ ಹಾಗೆ ಕೇಳಿ. ‘ಊಟದ ಬಗ್ಗೆ ಸ್ವಲ್ಪ ಹೇಳಿ ಸರ್’ ಅಂದರೆ ಇನ್ನೊಂದು ಪ್ಯಾರಾ ಬರುತ್ತದೆ ಅಷ್ಟೇ.

ನಮ್ಮ ಮೆನುವಿಗೆ ನಾನು ಕೇಳುವ ಪ್ರಶ್ನೆಗಳು ಇವು.

ಮೊದಲನೆಯದು ಮೀನೂಟದ ದರ. ‘ಮೀನಿನ ಸಾರು ಬೇಕಾದರೆ 120’ ಅಂದರೆ ಊಟ, ಸಾರು ಎಲ್ಲ ಸೇರಿ 120 ಆಗಬಹುದು. ಅಥವಾ 90ರ ಮೇಲೆ ಇನ್ನೂ 120 ಸೇರಿ 210 ಆಗಬಹುದು. ಬಿಲ್ಲಿನ ಹೊತ್ತಿಗೆ 90 ರೂಪಾಯಿ ವ್ಯತ್ಯಾಸ ಬಂದರೆ ಕೌಂಟರಿನಲ್ಲಿ ಜಗಳವೇ. ‘ಒಟ್ಟು 120ನಾ ಸರ್?’ ಅಂತ ಕೇಳಿ. ಹೌದು, ಒಟ್ಟು ಅಂದರು ಅಂತ ಇಟ್ಟುಕೊಳ್ಳೋಣ.

ಎರಡನೆಯದು ಸಮಯ. 7.30ರಿಂದ 11ರವರೆಗೆ ಅನ್ನುವುದು ನೀರು ದೋಸೆಗೆ ಮಾತ್ರವೋ, ಅದೇ ವಾಕ್ಯದಲ್ಲಿರುವ ಗೋಳಿಬಜೆಗೂ ಸೇರಿಯೋ? ವಾಕ್ಯ ಓದಿದರೆ ಗೋಳಿಬಜೆಯೂ ಬೆಳಗಿನದೇ. ಆದರೆ ಆ ಕಡೆ ಗೋಳಿಬಜೆ ಸಾಮಾನ್ಯವಾಗಿ ಸಂಜೆಯ ಚಹಾದ ಜೊತೆ ಬರುವುದು. ಕೇಳಿದರೆ ‘ಅಯ್ಯೋ, ಅದು ಸಂಜೆ 4ರ ಮೇಲೆ’ ಅಂತ ಉತ್ತರ ಬಂತು ಅಂದುಕೊಳ್ಳಿ. ಕೇಳದೇ ಇದ್ದಿದ್ದರೆ ಅದು ಬೆಳಗಿನ ಗುಂಪಿಗೆ ಹೋಗಿ ಕೂರುತ್ತಿತ್ತು. ಮೊಸರನ್ನ, ಆಮ್ಲೆಟ್ ಯಾವ ಹೊತ್ತಿಗೆ ಸಿಗುತ್ತವೆ ಅನ್ನುವುದನ್ನೂ ಇದರ ಜೊತೆಗೇ ಕೇಳಿಬಿಡಿ.

ಮೂರನೆಯದು ಬಂಗುಡೆ. ಪುಳಿಮುಂಚಿ, ತವಾ ಫ್ರೈ ಒಂದೊಂದೂ 150, ಒಂದು ಪ್ಲೇಟಿಗೆ ಎರಡು ಮೀನು ಅಂದರು. ಒಳ್ಳೆಯದು, ಆ ‘ಎರಡು ಮೀನು’ ವಿವರದ ಕಾಲಂಗೆ ಬೇಕಾಗುವ ಮಾತು.

ನಾಲ್ಕನೆಯದು ಅಂಜಲ್. ‘ಸೈಜಿನ ಮೇಲೆ’ ಅನ್ನುವುದು ದರ ಅಲ್ಲ. ಅಂಜಲ್ ಬೆಲೆ ಮಾರುಕಟ್ಟೆ ನೋಡಿ ಏರಿಳಿಯುತ್ತದೆ, ತುಂಡಿನ ದಪ್ಪವೂ ಬೇರೆ ಬೇರೆ. ಹಾಗಾಗಿ ಒಂದೇ ಅಂಕಿ ಕೊಡಿ ಅಂತ ಮಾಲೀಕರನ್ನು ಒತ್ತಾಯಿಸುವುದು ಸರಿಯಲ್ಲ. ‘ಸಾಮಾನ್ಯವಾಗಿ ಎಷ್ಟರಿಂದ ಎಷ್ಟು?’ ಅಂತ ಕೇಳಿ. 250ರಿಂದ 400 ಅಂದರೆ ಅದನ್ನೇ ಬರೆಯಬಹುದು. ಜೇಬು ನೋಡಿಕೊಂಡು ಬಂದವರಿಗೆ ಅಷ್ಟಾದರೂ ಗೊತ್ತಾಗಬೇಕು.

ಐದನೆಯದು ಅಡುಗೆಮನೆಗೆ ಸೇರಿದ್ದು. ಅದಕ್ಕೆ ಬೇರೆ ಹಂತವೇ ಬೇಕು.

## ಹಂತ 4: ಸಸ್ಯಾಹಾರದ ಗುರುತು

ಈ ಕಾಲಂನಲ್ಲಿ ತಪ್ಪಾದರೆ ದರ ತಪ್ಪಾದ ಹಾಗಲ್ಲ. ದರ ತಪ್ಪಿದರೆ ದುಡ್ಡು ವಾಪಸ್ ಕೊಡಬಹುದು. ಮಾಂಸ ತಿನ್ನದವರ ತಟ್ಟೆಗೆ ಮೀನು ಬಿದ್ದರೆ ಅದನ್ನು ಯಾರೂ ವಾಪಸ್ ತೆಗೆದುಕೊಳ್ಳಲಾಗದು. ಹಾಗಾಗಿ ಹೆಸರು ನೋಡಿ ಗುರುತು ಹಾಕುವ ಅಭ್ಯಾಸ ಬಿಡಿ. ತಟ್ಟೆಯಲ್ಲಿ ಬರುವ ಪ್ರತಿಯೊಂದನ್ನೂ ಕೇಳಿ ಹಾಕಿ.

ನಮ್ಮ ದೇಶದ ಆಹಾರ ಲೇಬಲಿನ ನಿಯಮದಲ್ಲಿ ಮೊಟ್ಟೆ ಮಾಂಸಾಹಾರಕ್ಕೆ ಸೇರುತ್ತದೆ. ಹಾಲು, ಮೊಸರು, ತುಪ್ಪ ಸಸ್ಯಾಹಾರಕ್ಕೇ ಸೇರುತ್ತವೆ. ಹಾಗಾಗಿ ಆಮ್ಲೆಟ್‌ಗೆ ಮಾಂಸಾಹಾರದ ಗುರುತೇ ಬರಬೇಕು. ‘ಮೊಟ್ಟೆ ಮಾತ್ರ ತಿನ್ನುವವರಿಗೆ ಬೇರೆ ಬಣ್ಣ ಹಾಕೋಣ’ ಅಂತ ಮೂರನೇ ಗುರುತು ಹುಟ್ಟಿಸಬೇಡಿ. ಮೊಟ್ಟೆ ಇದೆ ಅನ್ನುವುದು ವಿವರದಲ್ಲಿ ಇದ್ದರೆ ಸಾಕು.

ಚಿಹ್ನೆಗಳ ಬಗ್ಗೆ ಒಂದು ಮಾತು. ಪ್ಯಾಕೆಟ್‌ಗಳ ಮೇಲೆ ನೋಡಿರುತ್ತೀರಿ, ಹಸಿರು ಚೌಕದೊಳಗೆ ಹಸಿರು ಬೊಟ್ಟು ಸಸ್ಯಾಹಾರ. ಮಾಂಸಾಹಾರಕ್ಕೆ ಮೊದಲು ಕಂದು ಚೌಕದೊಳಗೆ ಕಂದು ಬೊಟ್ಟು ಇತ್ತು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮದಲ್ಲಿ ಆ ಬೊಟ್ಟು ಹೋಗಿ ಕಂದು ತ್ರಿಕೋನ ಬಂತು. ಹಸಿರು, ಕಂದು ಎರಡೂ ಒಂದೇ ಥರ ಕಾಣುವ ಬಣ್ಣಗುರುಡು ಇರುವವರಿಗೆ ಬರೀ ಬಣ್ಣದಿಂದ ಪ್ರಯೋಜನವಿಲ್ಲ, ಆಕಾರವೂ ಬೇರೆ ಇರಬೇಕು ಅನ್ನುವುದು ಈ ಬದಲಾವಣೆಯ ಹಿಂದಿನ ಯೋಚನೆ. ಮೆನು ಕಾರ್ಡಿಗೆ ಇದು ಇನ್ನೂ ಒಂದು ಕಾರಣಕ್ಕೆ ಉಪಯೋಗ. ಸಣ್ಣ ಹೋಟೆಲಿನ ಮೆನು ಕೊನೆಗೆ ಕಪ್ಪು ಬಿಳುಪು ಜೆರಾಕ್ಸ್ ಆಗಿಯೇ ಓಡಾಡುವುದು. ಅಲ್ಲಿ ಹಸಿರು ಬೊಟ್ಟು, ಕಂದು ಬೊಟ್ಟು ಎರಡೂ ಬೂದು ಬೊಟ್ಟಾಗುತ್ತವೆ. ಬೊಟ್ಟು, ತ್ರಿಕೋನ ಬೇರೆ ಬೇರೆಯಾಗೇ ಉಳಿಯುತ್ತವೆ.

ಹಾಗಾಗಿ ಕೋಷ್ಟಕದಲ್ಲಿ ನಾನು ‘● ಸಸ್ಯಾಹಾರ’, ‘▲ ಮಾಂಸಾಹಾರ’ ಅಂತ ಆಕಾರ, ಪದ ಎರಡನ್ನೂ ಬರೆಯುತ್ತೇನೆ. ಇವು ಸಾಮಾನ್ಯ ಅಕ್ಷರಗಳ ಹಾಗೇ ಟೈಪ್ ಆಗುತ್ತವೆ. ಮೊಬೈಲಿನ ಬಣ್ಣದ ಇಮೋಜಿ ಹಾಕಿದರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಅದು ಖಾಲಿ ಡಬ್ಬಿಯಾಗಿ ಕಾಣುವ ಸಾಧ್ಯತೆ ಇದೆ. ಕೊನೆಯ ಕಾರ್ಡಿನಲ್ಲಿ ಸರಿಯಾದ ಬಣ್ಣದ ಚಿಹ್ನೆಯ ಚಿತ್ರ ಹಾಕಿದರೂ ಪಕ್ಕದಲ್ಲಿ ಪದ ಇರಲಿ. ಸಸ್ಯಾಹಾರಕ್ಕೆ ಮಾತ್ರ ಗುರುತು ಹಾಕಿ ಉಳಿದದ್ದನ್ನು ಖಾಲಿ ಬಿಡುವುದೂ ಬೇಡ. ಖಾಲಿ ಖಾನೆ ನೋಡಿದರೆ ಅದು ಮಾಂಸಾಹಾರವೋ, ಬರೆಯಲು ಮರೆತದ್ದೋ ಹೇಳಲಾಗದು.

ಈಗ ಸಾಲು ಸಾಲಾಗಿ ನೋಡೋಣ. ಗೋಳಿಬಜೆ ಮೈದಾ, ಮೊಸರಿನದು, ತೊಂದರೆ ಇಲ್ಲ. ಆದರೆ ಅದೇ ಎಣ್ಣೆಯಲ್ಲಿ ಮೀನು ಕರಿಯುತ್ತಾರಾ ಅಂತ ಕೇಳಲೇಬೇಕು. ಪನೀರ್ ಘೀ ರೋಸ್ಟ್‌ಗೂ ಇದೇ ಪ್ರಶ್ನೆ: ಚಿಕನ್ ಹುರಿದ ಬಾಣಲೆಯಲ್ಲೇ ಹುರಿಯುತ್ತೀರಾ? ಹೌದು ಅಂದರೆ ಅದನ್ನು ಮುಚ್ಚಿಡದೆ ಮಾಲೀಕರ ಗಮನಕ್ಕೆ ತನ್ನಿ. ಬಾಣಲೆ ಬೇರೆ ಮಾಡುವುದು ಅವರ ಕೈಯಲ್ಲಿದೆ. ಅಲ್ಲಿಯವರೆಗೆ ಹಸಿರು ಗುರುತು ಹಾಕಲು ನಾನು ಒಪ್ಪುವುದಿಲ್ಲ. ನಮ್ಮ ಮಾದರಿಯಲ್ಲಿ ಎರಡಕ್ಕೂ ಬೇರೆ ಪಾತ್ರೆ, ಬೇರೆ ಎಣ್ಣೆ ಇದೆ ಅಂತ ಉತ್ತರ ಬಂತು ಅನ್ನೋಣ.

ಎಲ್ಲಕ್ಕಿಂತ ಜಾಸ್ತಿ ಮೋಸ ಹೋಗುವ ಸಾಲು 90 ರೂಪಾಯಿಯ ಕುಚ್ಚಲಕ್ಕಿ ಊಟ. ಮೀನಿನ ಸಾರು ಇಲ್ಲ, ಹಾಗಾದರೆ ಸಸ್ಯಾಹಾರ ಅಂತ ಯಾರಾದರೂ ಬರೆದುಬಿಡುತ್ತಾರೆ. ಆದರೆ ಕರಾವಳಿಯಲ್ಲಿ ಊಟಕ್ಕೆ ಒಣ ಸಿಗಡಿ ಚಟ್ನಿ ಬಡಿಸುವುದು ತೀರಾ ಸಾಮಾನ್ಯ. ತಟ್ಟೆಯ ಮೂಲೆಯಲ್ಲಿ ಒಂದು ಚಮಚ ಇರುತ್ತದೆ. ಹೋಟೆಲಿನವರು ಅದನ್ನು ಪ್ರತ್ಯೇಕ ಐಟಂ ಅಂತ ನೆನೆಯುವುದೇ ಇಲ್ಲ, ಉಪ್ಪಿನಕಾಯಿಯ ಲೆಕ್ಕದಲ್ಲಿ ಬಡಿಸುತ್ತಾರೆ. ಹಾಗಾಗಿ ‘ಊಟ ಸಸ್ಯಾಹಾರನಾ?’ ಅಂತ ಕೇಳಬೇಡಿ. ‘ಆ ತಟ್ಟೆಯಲ್ಲಿ ಏನೇನು ಬಡಿಸುತ್ತೀರಿ?’ ಅಂತ ಅಡುಗೆಯವರನ್ನೇ ಕೇಳಿ ಒಂದೊಂದೂ ಬರೆದುಕೊಳ್ಳಿ.

ಸಿಗಡಿ ಚಟ್ನಿಯನ್ನು ಎರಡೂ ಊಟಕ್ಕೆ ಬಡಿಸುತ್ತೇವೆ ಅಂತ ಅಡುಗೆಯವರು ಹೇಳಿದರು ಅಂದುಕೊಳ್ಳಿ. ಆಗ ನಿಮ್ಮ ಮುಂದೆ ಎರಡೇ ದಾರಿ. ಆ ಸಾಲಿಗೂ ▲ ಹಾಕುವುದು, ಇಲ್ಲವೇ ಮಾಲೀಕರು 90ರ ಊಟದಿಂದ ಆ ಚಟ್ನಿ ತೆಗೆಯುವುದು. ಮೆನು ಬರೆಯುವವರು ಇದನ್ನು ತೀರ್ಮಾನಿಸಬಾರದು, ಆದರೆ ತೀರ್ಮಾನ ಆಗುವವರೆಗೆ ಖಾನೆ ತುಂಬಲೂಬಾರದು. ನಮ್ಮ ಮಾಲೀಕರು 90ರ ಊಟಕ್ಕೆ ಸಿಗಡಿ ಚಟ್ನಿ ಬದಲು ಮಾವಿನ ಉಪ್ಪಿನಕಾಯಿ ಕೊಡುತ್ತೇವೆ ಅಂದರು. ಆ ಸಾಲಿಗೆ ಈಗ ಧೈರ್ಯವಾಗಿ ● ಹಾಕಬಹುದು. ಆ ಬದಲಾವಣೆ ಬಡಿಸುವವರಿಗೂ ತಲುಪಿದೆಯಾ ಅಂತ ಒಮ್ಮೆ ಕೇಳಿಕೊಳ್ಳಿ.

## ಹಂತ 5: ವಿವರದ ಕಾಲಂ

ವಿವರ ಅಂದರೆ ಜಾಹೀರಾತು ಅಲ್ಲ. ತಿಂಡಿಯ ಹೆಸರು ಮೊದಲ ಸಲ ಕೇಳಿದವರಿಗೆ ಮೂರು ವಿಷಯ ಗೊತ್ತಾಗಬೇಕು: ಮುಖ್ಯವಾಗಿ ಏನು ಹಾಕಿದ್ದಾರೆ, ಹೇಗೆ ಮಾಡಿದ್ದಾರೆ, ಜೊತೆಗೆ ಏನು ಅಥವಾ ಎಷ್ಟು ಬರುತ್ತದೆ. ಹತ್ತು ಪದದೊಳಗೆ ಇದೆಲ್ಲ ಹಿಡಿಯುತ್ತದೆ.

ಕೋರಿ ರೊಟ್ಟಿಯನ್ನೇ ತೆಗೆದುಕೊಳ್ಳಿ. ಮಂಗಳೂರಿನವರಿಗೆ ವಿವರವೇ ಬೇಡ. ಆದರೆ ಕಲಬುರಗಿಯಿಂದ ಬಂದ ಕುಟುಂಬಕ್ಕೆ ರೊಟ್ಟಿ ಅಂದರೆ ಜೋಳದ ರೊಟ್ಟಿ. ‘ಕೋರಿ’ ಯಾವುದೋ ಊರಿನ ಹೆಸರಿರಬೇಕು ಅಂದುಕೊಂಡು, ಸಸ್ಯಾಹಾರಿಗಳೇ ಆರ್ಡರ್ ಮಾಡಬಹುದು. ‘ಒಣ ಅಕ್ಕಿ ರೊಟ್ಟಿ, ಮೇಲೆ ತೆಂಗಿನಕಾಯಿ ಮಸಾಲೆಯ ಕೋಳಿ ಸಾರು’ ಅಂತ ಬರೆದರೆ ಎಲ್ಲವೂ ಸ್ಪಷ್ಟ. ಮರುವಾಯಿ ಕೂಡ ಹಾಗೇ. ಘಟ್ಟದ ಮೇಲಿನವರಿಗೆ ಅದು ಕಡಲೆಯ ಹಾಗೆ ಯಾವುದೋ ಕಾಳು ಅನ್ನಿಸಬಹುದು, ಯಾಕಂದರೆ ಪಕ್ಕದಲ್ಲೇ ಕಡಲೆ ಸುಕ್ಕ ಇದೆ. ‘ಚಿಪ್ಪುಮೀನು’ ಅನ್ನುವ ಒಂದು ಪದ ಆ ಗೊಂದಲ ತೆಗೆಯುತ್ತದೆ.

ಪ್ಯಾರಾದಲ್ಲಿದ್ದ ‘ಬಿಸಿ ಬಿಸಿ’, ‘ಊರಿನ ಹೆಂಗಸರ ಕೈರುಚಿಯ’ ಅನ್ನುವ ಮಾತುಗಳನ್ನು ಏನು ಮಾಡುವುದು? ವಿವರದ ಕಾಲಂಗೆ ಹಾಕಬೇಡಿ. ಹಾಗಂತ ಎಸೆಯಲೂ ಬೇಡಿ, ಅದು ಮಾಲೀಕರು ಪ್ರೀತಿಯಿಂದ ಬರೆದ ಮಾತು. ಅಡುಗೆ ನಿಜಕ್ಕೂ ಊರಿನ ಹೆಂಗಸರೇ ಮಾಡುತ್ತಿದ್ದರೆ ಅದನ್ನು ಕೋಷ್ಟಕದ ಮೇಲೆ ಒಂದು ಸಾಲಾಗಿ ಇಡಿ. ಅಲ್ಲಿ ಅದಕ್ಕೆ ಇನ್ನೂ ಹೆಚ್ಚಿನ ಜಾಗ ಸಿಕ್ಕ ಹಾಗಾಯಿತು.

ಪ್ಯಾರಾದಲ್ಲಿ ಇಲ್ಲದ ವಿವರ ಬೇಕಾದಾಗ ಅಡುಗೆಯವರನ್ನು ಕೇಳಿ ಬರೆಯಿರಿ. ಘೀ ರೋಸ್ಟ್ ಅಂದರೆ ಸಾಮಾನ್ಯವಾಗಿ ಬ್ಯಾಡಗಿ ಮೆಣಸಿನ ಮಸಾಲೆ, ತುಪ್ಪ. ಆದರೆ ಈ ಹೋಟೆಲಿನಲ್ಲಿ ಬ್ಯಾಡಗಿಯೇ ಹಾಕುತ್ತಾರಾ? ಗೊತ್ತಿಲ್ಲದಿದ್ದರೆ ‘ಕೆಂಪು ಮೆಣಸು’ ಅಂತ ಬರೆಯುವುದು ಸರಿ. ಬೇರೆ ಹೋಟೆಲಿನ ಮೆನುವಿನಿಂದ ವಿವರ ಎತ್ತಿಕೊಂಡರೆ ಅಲ್ಲಿ ಗೋಡಂಬಿ ಇದ್ದು ಇಲ್ಲಿ ಇಲ್ಲದಿರಬಹುದು. ಅಲ್ಲಿ ಇಲ್ಲದ ಶೇಂಗಾ ಇಲ್ಲಿ ಇರಬಹುದು. ಶೇಂಗಾ ಅಲರ್ಜಿ ಇರುವವರು ಆ ಕಾಲಂ ನಂಬಿಯೇ ತಿನ್ನುವುದು.

## ಹಂತ 6: ಗೆರೆ ಹಾಕಿ ಟೈಪ್ ಮಾಡುವುದು

ಕೋಷ್ಟಕದೊಳಗೆ ನೇರವಾಗಿ ಟೈಪ್ ಮಾಡುವುದಕ್ಕಿಂತ, ಒಂದು ತಿಂಡಿಗೆ ಒಂದು ಸಾಲಿನಂತೆ, ಖಾನೆಗಳ ನಡುವೆ ನೆಟ್ಟಗಿನ ಗೆರೆ ಹಾಕಿ ಬರೆದುಕೊಂಡರೆ ಕೆಲಸ ಬೇಗ ಆಗುತ್ತದೆ. ಮೊಬೈಲಿನಲ್ಲೂ ಬರೆಯಬಹುದು.

```
ತಿಂಡಿ|ವಿವರ|ಗುರುತು|ದರ ₹
ನೀರು ದೋಸೆ, ಚಟ್ನಿ|4 ದೋಸೆ, ಕಾಯಿಚಟ್ನಿ|● ಸಸ್ಯಾಹಾರ|60
ನೀರು ದೋಸೆ, ಕೋಳಿ ಗಸಿ|4 ದೋಸೆ, ಕೋಳಿ ಗಸಿ|▲ ಮಾಂಸಾಹಾರ|160
```

ಗೆರೆಯ ಬದಲು ಕಾಮಾ ಬಳಸಬೇಡಿ. ವಿವರದೊಳಗೇ ಕಾಮಾಗಳಿರುತ್ತವೆ. ‘4 ದೋಸೆ’ ಒಂದು ಖಾನೆಗೆ, ‘ಕಾಯಿಚಟ್ನಿ’ ಪಕ್ಕದ ಖಾನೆಗೆ ಹೋಗಿ, ಗುರುತು, ದರ ಎರಡೂ ತಮ್ಮ ಕಾಲಂ ಬಿಟ್ಟು ಬಲಕ್ಕೆ ಜರುಗುತ್ತವೆ. ಗೆರೆಯ ಎರಡೂ ಕಡೆ ಜಾಗ ಬಿಡದೆ ಬರೆಯಿರಿ.

ವರ್ಡ್‌ನಲ್ಲಿ ಆದರೆ ಸಾಲುಗಳನ್ನೆಲ್ಲ ಸೆಲೆಕ್ಟ್ ಮಾಡಿ `Insert > Table > Convert Text to Table` ಒತ್ತಿ. `Separate text at` ಕೆಳಗೆ `Other` ಆರಿಸಿ `|` ಹಾಕಿ. ಅದೇ ಡಬ್ಬಿಯಲ್ಲಿ `Number of columns` ಎಷ್ಟು ಅಂತ ತೋರಿಸುತ್ತದೆ. 4 ಇರಬೇಕು. 5 ತೋರಿಸಿದರೆ ಯಾವುದೋ ಸಾಲಿನಲ್ಲಿ ಒಂದು ಗೆರೆ ಜಾಸ್ತಿ ಬಿದ್ದಿದೆ. `OK` ಒತ್ತುವ ಮೊದಲೇ ಹಿಂದೆ ಹೋಗಿ ಸರಿ ಮಾಡಿ.

ಗೂಗಲ್ ಶೀಟ್ಸ್‌ನಲ್ಲಿ ಎಲ್ಲವನ್ನೂ A ಕಾಲಂಗೆ ಪೇಸ್ಟ್ ಮಾಡಿ `Data > Split text to columns` ಒತ್ತಿ, `Custom` ಆರಿಸಿ `|` ಕೊಡಿ. ದರ ಪದೇ ಪದೇ ಬದಲಾಗುವ ಹೋಟೆಲಿಗೆ ನಾನು ಶೀಟ್ಸನ್ನೇ ಹೇಳುತ್ತೇನೆ.

ದರದ ಕಾಲಂನಲ್ಲಿ ಬರೀ ಅಂಕಿ ಇರಲಿ. ‘60/-’ ಅಥವಾ ‘60 ರೂ’ ಅಂತ ಬರೆದರೆ ಶೀಟ್ ಅದನ್ನು ಅಕ್ಷರ ಅಂದುಕೊಳ್ಳುತ್ತದೆ, ಅಂಕಿ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ₹ ಚಿಹ್ನೆ ತಲೆಸಾಲಿನಲ್ಲಿ ಒಂದು ಸಲ ಇದ್ದರೆ ಸಾಕು. ಅಂಕಿಗಳನ್ನು ಬಲಕ್ಕೆ ಜೋಡಿಸಿ. ಆಗ 60, 160 ಒಂದರ ಕೆಳಗೊಂದು ಬಿಡಿ, ಹತ್ತು, ನೂರು ಸಾಲಾಗಿ ನಿಲ್ಲುತ್ತವೆ. ‘ಟ್ಯಾಕ್ಸ್ ಪ್ರತ್ಯೇಕ’ ಎಲ್ಲ ಸಾಲಿಗೂ ಸೇರಿದ್ದು, ಹಾಗಾಗಿ ಅದು ಕೋಷ್ಟಕದ ಕೆಳಗೆ.

## ಹಂತ 7: ತಾಳೆ ನೋಡಿ, ಆಮೇಲೆ ಗುಂಪು ಮಾಡಿ

ತಲೆಸಾಲು ಬಿಟ್ಟು 16 ಸಾಲುಗಳು 2ರಿಂದ 17ರವರೆಗೆ ಇವೆ. ಶೀಟ್‌ನ ಖಾಲಿ ಜಾಗದಲ್ಲಿ ಈ ಎರಡು ಬರೆಯಿರಿ.

```
=COUNTBLANK(A2:D17)
=COUNT(D2:D17)
```

ಮೊದಲನೆಯದು ಖಾಲಿ ಖಾನೆಗಳ ಲೆಕ್ಕ, 0 ಬರಬೇಕು. ಎರಡನೆಯದು ದರದ ಕಾಲಂನಲ್ಲಿರುವ ಅಂಕಿಗಳ ಲೆಕ್ಕ. ಅಂಜಲ್‌ನ ‘250ರಿಂದ 400’ ಅಕ್ಷರವಾದ್ದರಿಂದ 15 ಬರಬೇಕು. 14 ಬಂದರೆ ಯಾವುದೋ ದರಕ್ಕೆ ‘ರೂ’ ಅಂಟಿಕೊಂಡಿದೆ. ಆಮೇಲೆ ಪ್ರಿಂಟ್ ತೆಗೆದ ಪ್ಯಾರಾ ಕೈಗೆತ್ತಿಕೊಂಡು, ಕೋಷ್ಟಕಕ್ಕೆ ಹೋದ ಪ್ರತಿ ಪದವನ್ನೂ ಹೊಡೆದುಹಾಕುತ್ತಾ ಬನ್ನಿ. ಕೊನೆಗೆ ಉಳಿಯುವುದು ಹೊಗಳಿಕೆಯ ಮಾತುಗಳು, ಸಮಯ ಮತ್ತು ಟ್ಯಾಕ್ಸ್ ಮಾತ್ರ ಆಗಿರಬೇಕು.

ಇದಾದ ಮೇಲೆಯೇ ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಂತ ಗುಂಪಿನ ಸಾಲು ಸೇರಿಸಿ. ಮೊದಲೇ ಸೇರಿಸಿದರೆ ಖಾಲಿ ಖಾನೆಗಳ ಲೆಕ್ಕ ಕೆಡುತ್ತದೆ. ಪ್ರತಿ ಗುಂಪಿನಲ್ಲೂ ಸಸ್ಯಾಹಾರ ಮೊದಲು, ಮಾಂಸಾಹಾರ ಆಮೇಲೆ. ಸಮಯ ಗುಂಪಿನ ಹೆಸರಿನಲ್ಲೇ ಬರುವುದರಿಂದ ಅದಕ್ಕೆ ಐದನೇ ಕಾಲಂ ಬೇಡ.

| ತಿಂಡಿ | ವಿವರ | ಗುರುತು | ದರ ₹ |
|---|---|---|---:|
| ಬೆಳಗ್ಗೆ 7.30ರಿಂದ 11 | | | |
| ನೀರು ದೋಸೆ, ಚಟ್ನಿ | 4 ದೋಸೆ, ಕಾಯಿಚಟ್ನಿ | ● ಸಸ್ಯಾಹಾರ | 60 |
| ನೀರು ದೋಸೆ, ಕೋಳಿ ಗಸಿ | 4 ದೋಸೆ, ತೆಂಗಿನಕಾಯಿ ಮಸಾಲೆಯ ಕೋಳಿ ಗಸಿ | ▲ ಮಾಂಸಾಹಾರ | 160 |
| ಮಧ್ಯಾಹ್ನ | | | |
| ಕುಚ್ಚಲಕ್ಕಿ ಊಟ | ಕುಚ್ಚಲಕ್ಕಿ ಅನ್ನ, ತರಕಾರಿ ಸಾರು, ಪಲ್ಯ, ಮಾವಿನ ಉಪ್ಪಿನಕಾಯಿ | ● ಸಸ್ಯಾಹಾರ | 90 |
| ಮೊಸರನ್ನ | ಒಗ್ಗರಣೆ ಹಾಕಿದ ಮೊಸರನ್ನ | ● ಸಸ್ಯಾಹಾರ | 70 |
| ಕಡಲೆ ಸುಕ್ಕ | ಕಪ್ಪು ಕಡಲೆ, ಹುರಿದ ತೆಂಗಿನಕಾಯಿ ಮಸಾಲೆ | ● ಸಸ್ಯಾಹಾರ | 110 |
| ಪನೀರ್ ಘೀ ರೋಸ್ಟ್ | ಕುಂದಾಪುರ ಶೈಲಿ, ತುಪ್ಪದಲ್ಲಿ ಹುರಿದ ಕೆಂಪು ಮೆಣಸಿನ ಮಸಾಲೆ | ● ಸಸ್ಯಾಹಾರ | 240 |
| ಮೀನಿನ ಸಾರಿನ ಊಟ | ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಪಲ್ಯ, ಒಣ ಸಿಗಡಿ ಚಟ್ನಿ | ▲ ಮಾಂಸಾಹಾರ | 120 |
| ಕೋರಿ ರೊಟ್ಟಿ | ಒಣ ಅಕ್ಕಿ ರೊಟ್ಟಿ, ಮೇಲೆ ತೆಂಗಿನಕಾಯಿ ಮಸಾಲೆಯ ಕೋಳಿ ಸಾರು | ▲ ಮಾಂಸಾಹಾರ | 220 |
| ಚಿಕನ್ ಘೀ ರೋಸ್ಟ್ | ಕುಂದಾಪುರ ಶೈಲಿ, ತುಪ್ಪದಲ್ಲಿ ಹುರಿದ ಕೆಂಪು ಮೆಣಸಿನ ಮಸಾಲೆ | ▲ ಮಾಂಸಾಹಾರ | 280 |
| ಬಂಗುಡೆ ಪುಳಿಮುಂಚಿ | 2 ಮೀನು, ಹುಣಸೆಹುಳಿ ಮತ್ತು ಒಣಮೆಣಸಿನ ಗಟ್ಟಿ ಮಸಾಲೆ | ▲ ಮಾಂಸಾಹಾರ | 150 |
| ಬಂಗುಡೆ ತವಾ ಫ್ರೈ | 2 ಮೀನು, ಮಸಾಲೆ ಹಚ್ಚಿ ಕಾವಲಿಯಲ್ಲಿ ಹುರಿದದ್ದು | ▲ ಮಾಂಸಾಹಾರ | 150 |
| ಅಂಜಲ್ ರವಾ ಫ್ರೈ | 1 ತುಂಡು ಮೀನು, ರವೆ ಹಚ್ಚಿ ಹುರಿದದ್ದು, ದರ ತುಂಡಿನ ಸೈಜಿನ ಮೇಲೆ | ▲ ಮಾಂಸಾಹಾರ | 250ರಿಂದ 400 |
| ಮರುವಾಯಿ ಸುಕ್ಕ | ಚಿಪ್ಪುಮೀನು, ಹುರಿದ ತೆಂಗಿನಕಾಯಿ ಮಸಾಲೆ | ▲ ಮಾಂಸಾಹಾರ | 200 |
| ಸಂಜೆ 4ರ ಮೇಲೆ | | | |
| ಗೋಳಿಬಜೆ | ಮೈದಾ, ಮೊಸರಿನ ಬಜೆ, ಒಂದು ಪ್ಲೇಟ್, ಚಟ್ನಿ | ● ಸಸ್ಯಾಹಾರ | 50 |
| ಸಿಂಗಲ್ ಆಮ್ಲೆಟ್ | 1 ಮೊಟ್ಟೆ, ಈರುಳ್ಳಿ, ಹಸಿಮೆಣಸು | ▲ ಮಾಂಸಾಹಾರ | 30 |
| ಡಬಲ್ ಆಮ್ಲೆಟ್ | 2 ಮೊಟ್ಟೆ, ಈರುಳ್ಳಿ, ಹಸಿಮೆಣಸು | ▲ ಮಾಂಸಾಹಾರ | 55 |

ಕೆಳಗೆ: ಟ್ಯಾಕ್ಸ್ ಪ್ರತ್ಯೇಕ. ಅಂಜಲ್ ದರ ಆರ್ಡರ್ ಮಾಡುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಇಲ್ಲಿ ಎರಡು ಘೀ ರೋಸ್ಟ್‌ಗಳಿಗೆ ಒಂದೇ ವಿವರ ಇದೆ ನೋಡಿ. ಅದು ಸರಿಯೇ. ಬೇರೆ ಪದ ಹುಡುಕಿ ಬದಲಿಸಿದರೆ ಮಸಾಲೆಯೇ ಬೇರೆ ಅಂತ ಅರ್ಥ ಬರುತ್ತದೆ. ಊಟದ ಪಲ್ಯ, ಆಮ್ಲೆಟ್‌ನ ಈರುಳ್ಳಿಯಂಥ ವಿವರಗಳೆಲ್ಲ ಪ್ಯಾರಾದಲ್ಲಿ ಇರಲಿಲ್ಲ. ಅವು ಅಡುಗೆಯವರ ಉತ್ತರದಿಂದ ಬಂದವು.

## ಹಂತ 8: ಪ್ರೆಸ್ಸಿಗೆ ಕೊಡುವ ಮೊದಲು

ಕಾರ್ಡು ಎರಡನೇ ಪುಟಕ್ಕೆ ಹೋದರೆ ತಲೆಸಾಲು ಅಲ್ಲೂ ಬರಬೇಕು. ವರ್ಡ್‌ನಲ್ಲಿ ಮೊದಲ ಸಾಲಿನ ಮೇಲೆ ಕರ್ಸರ್ ಇಟ್ಟು ಟೇಬಲ್‌ನ `Layout` ಟ್ಯಾಬಿನಲ್ಲಿ `Repeat Header Rows` ಒತ್ತಿ. ಒಂದೇ ಸಾಲು ಎರಡು ಪುಟಕ್ಕೆ ಹರಿದುಹೋಗದಂತೆ `Table Properties > Row` ಒಳಗೆ `Allow row to break across pages` ಗುರುತು ತೆಗೆಯಿರಿ.

ನಮ್ಮ ಕಡೆಯ ಎಷ್ಟೋ ಡಿಟಿಪಿ ಸೆಂಟರುಗಳಲ್ಲಿ ಇನ್ನೂ ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲೇ ಕೆಲಸ ನಡೆಯುತ್ತದೆ. ನೀವು ಯೂನಿಕೋಡ್‌ನಲ್ಲಿ ಬರೆದದ್ದನ್ನು ಅಲ್ಲಿ ಪೇಸ್ಟ್ ಮಾಡಿದರೆ ಒತ್ತಕ್ಷರ ಒಡೆಯಬಹುದು, ಇಲ್ಲವೇ ಅವರು ಎಲ್ಲವನ್ನೂ ಮತ್ತೆ ಟೈಪ್ ಮಾಡಬಹುದು. ಮತ್ತೆ ಟೈಪ್ ಮಾಡಿದರೆ ಇಷ್ಟು ಹೊತ್ತು ಮಾಡಿದ ತಾಳೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹಾಗಾಗಿ ಪಿಡಿಎಫ್ ಕೊಡಿ. ಪ್ರೂಫ್ ಬಂದಾಗ ಗುರುತಿನ ಕಾಲಂ ಮತ್ತು ದರದ ಕಾಲಂ ಎರಡನ್ನೇ ಮೊದಲು ಮೇಲಿಂದ ಕೆಳಗೆ ಓದಿ, ವಿವರ ಆಮೇಲೆ. ಅದೇ ಪ್ರೂಫನ್ನು ಒಂದು ಸಲ ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿ, ಬೊಟ್ಟು ಯಾವುದು, ತ್ರಿಕೋನ ಯಾವುದು ಕಾಣುತ್ತದಾ ನೋಡಿ.

ಆಮೇಲೆ ಆ ಹೋಟೆಲಿನಲ್ಲಿ ಎಂದೂ ಊಟ ಮಾಡದ ಒಬ್ಬರ ಕೈಗೆ ಕಾರ್ಡು ಕೊಟ್ಟು ಕೇಳಿ: ‘ನೂರು ರೂಪಾಯಿ ಒಳಗೆ, ಮಾಂಸ ಇಲ್ಲದ್ದು, ಮಧ್ಯಾಹ್ನ ಏನು ಸಿಗುತ್ತದೆ?’ ಕುಚ್ಚಲಕ್ಕಿ ಊಟ, ಮೊಸರನ್ನ ಅಂತ ತಕ್ಷಣ ಹೇಳಿದರೆ ಕಾರ್ಡು ಸಿದ್ಧ. ತಡವರಿಸಿದರೆ ಅವರ ಕಣ್ಣು ಎಲ್ಲಿ ನಿಂತಿತು ಅಂತ ನೋಡಿ, ಆ ಸಾಲನ್ನು ಸರಿ ಮಾಡಿ.

ಶೀಟ್ ಅನ್ನು ಮಾಲೀಕರ ಇಮೇಲ್‌ಗೆ ಹಂಚಿಕೊಂಡು, ಕಾರ್ಡಿನ ಕೆಳ ಮೂಲೆಯಲ್ಲಿ ದರ ಯಾವ ತಾರೀಕಿನಿಂದ ಜಾರಿ ಅಂತ ಸಣ್ಣದಾಗಿ ಹಾಕಿ. ಮುಂದೆ ದರ ಬದಲಾದರೂ, ಚಟ್ನಿ ಬದಲಾದರೂ ಮೊದಲು ಶೀಟ್‌ನಲ್ಲಿ ತಿದ್ದಿ, ಗುಂಪಿನ ಸಾಲುಗಳನ್ನು ಬಿಟ್ಟು ಆ ಎರಡು ಲೆಕ್ಕ ಮತ್ತೆ ನೋಡಿ, ಆಮೇಲೆ ಹೊಸ ಪಿಡಿಎಫ್ ತೆಗೆಯಲು ಅವರಿಗೆ ತೋರಿಸಿಕೊಡಿ.